ಹದಿನೈದು ಮ್ಯಾಚು, ನೂರಿಪ್ಪತ್ತು ಪದ

ಈಗ ನಾನು ಬೆಂಗಳೂರಿನಲ್ಲಿ ಕೂತು ದಿನಕ್ಕೆ ನಾಲ್ಕು ಸ್ಟೇಟಸ್ ಮೇಲ್ ಬರೆಯುವ ಕೆಲಸದಲ್ಲಿದ್ದೇನೆ. ಅದಕ್ಕೂ ಮುಂಚೆ ಮೂರು ವರ್ಷ ಸಿಂಧನೂರಿನಲ್ಲಿ ಒಂದು ಸಣ್ಣ ದಿನಪತ್ರಿಕೆಗೆ ಬಿಡಿ ಸುದ್ದಿ ಕಳಿಸುತ್ತಿದ್ದೆ. ಎಂಟು ಪುಟದ ಪೇಪರು. ಅದರಲ್ಲಿ ಕ್ರೀಡೆಗೆ ಅರ್ಧ ಪುಟ. ಆ ಅರ್ಧ ಪುಟದಲ್ಲಿ ಮುಕ್ಕಾಲು ಪಾಲು ಏಜೆನ್ಸಿಯಿಂದ ಬಂದ ಕ್ರಿಕೆಟ್. ಉಳಿದ ಒಂದು ಕಾಲಂನ ಸಣ್ಣ ಡಬ್ಬಿ ನಮ್ಮದು. ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರು ಊರಿನ ಆಟವೆಲ್ಲ ಆ ಡಬ್ಬಿಯೊಳಗೆ ಹಿಡಿಯಬೇಕಿತ್ತು. ಒಂದೇ ರಸ್ತೆಯ ಮೇಲಿರುವ ಮೂರು ಊರುಗಳಾದ್ದರಿಂದ ಓಡಾಟಕ್ಕೆ ನಾನೊಬ್ಬನೇ ಸಾಕು ಎಂಬುದು ಡೆಸ್ಕಿನ ಲೆಕ್ಕ. ಸಿಗುತ್ತಿದ್ದ ದುಡ್ಡು ಪೆಟ್ರೋಲಿಗೆ ಸಾಕಾಗುತ್ತಿತ್ತು, ಚಹಾಕ್ಕೆ ಅಪ್ಪನ ಜೇಬು.

ಆ ಮೂರು ವರ್ಷದಲ್ಲಿ ಬರೆದದ್ದರಲ್ಲಿ ಒಂದೇ ಒಂದು ಕಟಿಂಗ್ ನನ್ನ ಬಳಿ ಉಳಿದಿದೆ. ಅದು ಚೆನ್ನಾಗಿ ಬಂದಿತ್ತು ಅಂತ ಇಟ್ಟುಕೊಂಡದ್ದಲ್ಲ. ಅದರಲ್ಲಿ ಒಂದು ತಪ್ಪಿದೆ.

ಮಸ್ಕಿಯಲ್ಲಿ ಒಂದು ಭಾನುವಾರ ಪುರುಷರ ಕಬಡ್ಡಿ ಇತ್ತು. ಆಗಿನ್ನೂ ಮಸ್ಕಿ ಬೇರೆ ತಾಲ್ಲೂಕಾಗಿರಲಿಲ್ಲ. ಹದಿನಾರು ತಂಡ, ನಾಕೌಟ್, ಎಲ್ಲ ಒಂದೇ ದಿನದಲ್ಲಿ, ಒಂದೇ ಅಂಕಣದಲ್ಲಿ. ಮ್ಯಾಟ್ ಇಲ್ಲ, ಮಣ್ಣಿನ ಅಂಕಣ, ಸುಣ್ಣದ ಗೆರೆ. ನಾಕೌಟಿನಲ್ಲಿ ಪ್ರತಿ ಮ್ಯಾಚಿಗೂ ಒಂದು ತಂಡ ಮನೆಗೆ ಹೋಗುತ್ತದೆ. ಹದಿನಾರರಲ್ಲಿ ಒಂದು ಉಳಿಯಬೇಕೆಂದರೆ ಹದಿನೈದು ಮ್ಯಾಚು ಆಗಲೇಬೇಕು. ರಾತ್ರಿ ನೋಟ್‌ಬುಕ್ ತಿರುವಿದಾಗ ಹದಿನಾಲ್ಕೇ ಮ್ಯಾಚು ಸಿಕ್ಕರೆ ಎಲ್ಲೋ ಒಂದನ್ನು ಚಹಾ ಕುಡಿಯುತ್ತ ತಪ್ಪಿಸಿಕೊಂಡಿದ್ದೇನೆ ಅಂತ ಅರ್ಥ. ಮೊದಲ ವರ್ಷ ಹಾಗೇ ಆಗಿತ್ತು ಕೂಡ.

ಬೆಳಿಗ್ಗೆ ಒಂಬತ್ತೂವರೆಗೆ ಶುರು ಅಂತ ಪಾಂಪ್ಲೆಟ್ ಹೇಳುತ್ತಿತ್ತು. ಶುರುವಾದದ್ದು ಹನ್ನೊಂದು ಇಪ್ಪತ್ತಕ್ಕೆ. ನಡುವಿನದ್ದು ಉದ್ಘಾಟನೆ. ಸಂಘಟಕರಲ್ಲೊಬ್ಬರು ನನ್ನ ಕೈಗೆ ಒಂದು ಚೀಟಿ ಕೊಟ್ಟರು. ಅದರಲ್ಲಿ ಇಪ್ಪತ್ಮೂರು ಹೆಸರು.

"ಇವಷ್ಟೂ ಹೆಸರು ಬರಬೇಕ್ರಿ ಸರ. ಒಂದ್ ಬಿಟ್ರೂ ನಮಗ ಊರಾಗ ತ್ರಾಸ ಆಗತೈತಿ."

ಅವರ ಕಷ್ಟ ಸುಳ್ಳಲ್ಲ. ಆ ಇಪ್ಪತ್ಮೂರು ಜನರಲ್ಲಿ ಯಾರೋ ಶಾಮಿಯಾನ ಕೊಟ್ಟಿರುತ್ತಾರೆ, ಯಾರೋ ಊಟ ಕೊಟ್ಟಿರುತ್ತಾರೆ, ಯಾರೋ ಕಪ್ಪು ಕೊಡಿಸಿರುತ್ತಾರೆ. ಮುಂದಿನ ವರ್ಷ ಅವರನ್ನೇ ಕೇಳಬೇಕು. ನನ್ನ ಕಷ್ಟ ಏನೆಂದರೆ ಡೆಸ್ಕ್ ಕೊಟ್ಟಿದ್ದ ಜಾಗ ನೂರಿಪ್ಪತ್ತು ಪದ. ಇಪ್ಪತ್ಮೂರು ಹೆಸರು, ಅವುಗಳ ಮುಂದಿನ ಹುದ್ದೆ, ಕೊನೆಗೊಂದು "ಮತ್ತಿತರರು ಇದ್ದರು", ಇಷ್ಟಕ್ಕೇ ಎಂಬತ್ತು ಪದ ಮುಗಿಯುತ್ತದೆ. ಉಳಿದ ನಲವತ್ತರಲ್ಲಿ ಹದಿನೈದು ಮ್ಯಾಚು. ನೀವೂ ಇಂಥ ಸುದ್ದಿ ಓದಿರುತ್ತೀರಿ. ಕಬಡ್ಡಿ ಅಂತ ತಲೆಬರಹ ಇರುತ್ತದೆ, ಕಬಡ್ಡಿ ಆಡಿದವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ.

ಒಂದು ವರ್ಷ ಬೈಸಿಕೊಂಡ ಮೇಲೆ ಕಂಡುಕೊಂಡ ಉಪಾಯ ಇದು. ಉದ್ಘಾಟನೆ ಬೇರೆ ಸುದ್ದಿ, ಆಟ ಬೇರೆ ಸುದ್ದಿ. ಉದ್ಘಾಟನೆಯದ್ದನ್ನು ಮಧ್ಯಾಹ್ನವೇ ಬರೆದು ಸ್ಥಳೀಯ ಪುಟಕ್ಕೆ ಕಳಿಸಿಬಿಡುತ್ತಿದ್ದೆ. ಅಲ್ಲಿ ಜಾಗ ಸಲೀಸು, ಹೆಸರುಗಳು ಫೋಟೊದ ಕೆಳಗೂ ಹಿಡಿಯುತ್ತವೆ. ಹಾಗಾಗಿ ಕ್ರೀಡಾ ಕಾಲಂಗೆ ಬರುವಷ್ಟರಲ್ಲಿ ವೇದಿಕೆ ಮೇಲಿದ್ದವರ ಲೆಕ್ಕ ತೀರಿರುತ್ತಿತ್ತು. "ಹೆಸರು ಬರ್ತಾವ್ರಿ, ಒಳಗಿನ ಪೇಜಿನಾಗ" ಅಂದರೆ ಅವರೂ ನೆಮ್ಮದಿಯಿಂದ ಊಟಕ್ಕೆ ಕರೆಯುತ್ತಿದ್ದರು.

ಇನ್ನು ನೋಟ್‌ಬುಕ್. ಕಬಡ್ಡಿಯಲ್ಲಿ ಒಂದು ರೈಡಿಗೆ ಮೂವತ್ತು ಸೆಕೆಂಡ್. ಫೈನಲ್ ಬಿಟ್ಟು ಉಳಿದ ಮ್ಯಾಚುಗಳನ್ನು ಅವತ್ತು ಹದಿನೈದು ನಿಮಿಷದ ಎರಡು ಅವಧಿಗೆ ಇಳಿಸಿದ್ದರು. ಹಾಗಂದರೂ ಒಂದು ಮ್ಯಾಚಿಗೆ ಹೆಚ್ಚು ಕಡಿಮೆ ಐವತ್ತು ರೈಡ್. ಹದಿನೈದು ಮ್ಯಾಚಿಗೆ ಏಳುನೂರೈವತ್ತು. ಮೊದಮೊದಲು ನಾನು ಎಲ್ಲ ರೈಡನ್ನೂ ಬರೆಯುತ್ತಿದ್ದೆ. ನಿಷ್ಠಾವಂತ ಗುಮಾಸ್ತನ ಹಾಗೆ. ರಾತ್ರಿ ಹತ್ತಕ್ಕೆ ಆ ನಲವತ್ತು ಪುಟದಲ್ಲಿ ಬೇಕಾದ್ದು ಒಂದೂ ಸಿಗುತ್ತಿರಲಿಲ್ಲ. ಆಮೇಲೆ ಮ್ಯಾಚಿಗೆ ಒಂದೇ ಪುಟ ಅಂತ ಮಾಡಿಕೊಂಡೆ. ನಡುವೆ ಒಂದು ಉದ್ದ ಗೆರೆ, ಆಚೆ ಈಚೆ ಎರಡು ತಂಡ. ಬರೆಯುವುದು ಮೂರೇ ವಿಷಯ: ವಿರಾಮದ ಸ್ಕೋರು, ಲೋನಾ ಯಾವಾಗ ಬಿತ್ತು, ಮತ್ತು ಕೊನೆಯ ಹತ್ತು ನಿಮಿಷ.

ಲೋನಾ ಯಾಕೆ ಮುಖ್ಯ ಅಂತ ಕಬಡ್ಡಿ ನೋಡದವರಿಗೆ ಹೇಳಿಬಿಡುತ್ತೇನೆ. ಒಂದು ತಂಡದ ಏಳೂ ಜನ ಔಟಾದರೆ ಎದುರಾಳಿಗೆ ಎರಡು ಅಂಕ ಹೆಚ್ಚುವರಿ ಸಿಗುತ್ತದೆ, ಏಳೂ ಜನ ಮತ್ತೆ ಒಳಗೆ ಬರುತ್ತಾರೆ. ಅದೇ ಲೋನಾ. ಐದು ಅಂಕ ಹಿಂದಿದ್ದ ತಂಡ ಎರಡು ನಿಮಿಷದಲ್ಲಿ ಮುಂದೆ ಬರುವುದು ಸಾಮಾನ್ಯವಾಗಿ ಈ ಬಾಗಿಲಿನಿಂದಲೇ. ಹಾಗಾಗಿ ಮ್ಯಾಚು ಎಲ್ಲಿ ತಿರುಗಿತು ಅಂತ ಹುಡುಕುವವನು ಮೊದಲು ಲೋನಾ ಬಿದ್ದ ಸಮಯ ನೋಡಬೇಕು. ಅದರ ಹಿಂದಿನ ಎರಡು ಮೂರು ರೈಡುಗಳಲ್ಲಿ ಕತೆ ಇರುತ್ತದೆ.

ಕೊನೆಯ ಹತ್ತು ನಿಮಿಷದಲ್ಲಿ ಇನ್ನೊಂದನ್ನೂ ಬರೆಯುತ್ತಿದ್ದೆ. ಪ್ರತಿ ರೈಡಿನ ಪಕ್ಕ, ಮೂಲೆಯಲ್ಲಿ ಸಣ್ಣಗೆ, ಎದುರಿನ ಅಂಕಣದಲ್ಲಿ ಎಷ್ಟು ಜನ ಇದ್ದಾರೆ ಅಂತ. ಇದನ್ನು ಕಲಿಸಿದ್ದು ಲಿಂಗಸುಗೂರಿನ ಒಬ್ಬ ಹಳೆಯ ಪಿ.ಟಿ. ಮಾಸ್ತರು. "ಸ್ಕೋರ್ ಬೋರ್ಡ್ ಸುಳ್ಳ ಹೇಳತೈತಿ, ಅಂಕಣದಾಗಿನ ತಲಿ ಎಣಿಸು" ಅಂತಿದ್ದರು. ಅದು ಅವತ್ತೇ ಉಪಯೋಗಕ್ಕೆ ಬಂತು.

ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ವಿಷಯ ಗೊತ್ತಾಗಿತ್ತು: ಫೈನಲ್ ಮುಗಿಯುವುದು ರಾತ್ರಿ ಹತ್ತಕ್ಕೆ. ಒಂದು ಮ್ಯಾಚಿಗೆ ವಿರಾಮ, ಅದಲು ಬದಲು, ಜಗಳ ಎಲ್ಲ ಸೇರಿ ನಲವತ್ತು ನಿಮಿಷ. ಹದಿನಾಲ್ಕು ಮ್ಯಾಚಿಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಸಂಜೆ ಕರೆಂಟ್ ಹೋಗಿ ಲೈಟು ಬರಲು ಹಿಡಿಯುವ ಹೊತ್ತು ಬೇರೆ. ನಮ್ಮ ಪುಟ ಮುಚ್ಚುವುದು ಹತ್ತೂವರೆಗೆ. ಆಟ ಮುಗಿದ ಮೇಲೆ ಬರೆಯುತ್ತೇನೆ ಅಂದರೆ ಬರೆದದ್ದು ಮಂಗಳವಾರದ ಪೇಪರಿಗೆ ಹೋಗುತ್ತದೆ. ಮಂಗಳವಾರಕ್ಕೆ ಭಾನುವಾರದ ಕಬಡ್ಡಿ ಯಾರಿಗೂ ಬೇಡ.

ಅದಕ್ಕೆ ಇಂಥ ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಬೇಕು. ಕ್ವಾರ್ಟರ್‌ಫೈನಲ್ ಮುಗಿದ ಕೂಡಲೇ ಅದರ ಸಾಲು ಸಿದ್ಧ ಮಾಡಿಟ್ಟೆ. ಅದು ಸುದ್ದಿಯ ಕೊನೆಯ ಸಾಲು. ಸೆಮಿಫೈನಲ್ ಮುಗಿದ ಮೇಲೆ ಅದರ ಮೇಲಿನ ಪ್ಯಾರಾ. ಹತ್ತಿರದ ನೆಟ್ ಸೆಂಟರಿನವನು ಒಂಬತ್ತಕ್ಕೆ ಬಾಗಿಲು ಹಾಕುತ್ತಿದ್ದ. ಅಷ್ಟರೊಳಗೆ ನುಡಿಯಲ್ಲಿ ಟೈಪ್ ಮಾಡಿ ಈ ಎರಡು ಪ್ಯಾರಾವನ್ನು ಡೆಸ್ಕಿಗೆ ಮೇಲ್ ಮಾಡಿದೆ. ಮೇಲಿನ ಎರಡು ಪ್ಯಾರಾ ಖಾಲಿ. ಅದನ್ನು ಫೋನಿನಲ್ಲಿ ಹೇಳುತ್ತೇನೆ ಅಂತ ಸಬ್ ಎಡಿಟರ್‌ಗೆ ಹೇಳಿಟ್ಟೆ.

ಪ್ಯಾರಾಗಳು ಒಂದಕ್ಕೊಂದು ಅಂಟಿಕೊಂಡಿರಬಾರದು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಕೊನೇ ಗಳಿಗೆಯಲ್ಲಿ ಒಂದು ಶ್ರದ್ಧಾಂಜಲಿ ಜಾಹೀರಾತು ಬಂದರೆ ಡೆಸ್ಕಿನವರು ಕತ್ತರಿ ಹಾಕುವುದು ಕೆಳಗಿನಿಂದ. ಕೂತು ಓದಿ ತಿದ್ದುವ ಪುರುಸೊತ್ತು ಅವರಿಗಿರುವುದಿಲ್ಲ. ಕೆಳಗಿನ ನಾಲ್ಕು ಸಾಲು ಹೋದರೂ ಮೇಲಿನದ್ದು ನೆಟ್ಟಗೆ ನಿಲ್ಲಬೇಕು. ಅಂದರೆ ಯಾರನ್ನು ಕೆಳಗಿಡುತ್ತೇನೆ ಎಂಬುದೇ ಯಾರನ್ನು ಬಿಡಲು ತಯಾರಿದ್ದೇನೆ ಎಂಬುದಕ್ಕೆ ಉತ್ತರ.

ಅವತ್ತು ಬಿಟ್ಟದ್ದು ಮೊದಲ ಸುತ್ತನ್ನು. ಎಂಟು ಮ್ಯಾಚು, ಸೋತ ಎಂಟು ತಂಡ. ಒಂದು ತಂಡ ಟಂಟಂನಲ್ಲಿ ಬಂದಿತ್ತು, ಹನ್ನೊಂದು ಜನ, ಬಾಡಿಗೆಗೆ ಪಟ್ಟಿ ಹಾಕಿಕೊಂಡು. ಮೂವತ್ತು ನಿಮಿಷ ಆಡಿದರು, ಸೋತರು, ಮಂಡಕ್ಕಿ ಮಿರ್ಚಿ ತಿಂದು ಮೂರು ಗಂಟೆಗೆ ವಾಪಸ್ ಹೋದರು. ಹೋಗುವಾಗ ಒಬ್ಬ ಕೇಳಿದ, "ನಾಳೆ ಪೇಪರಿನಾಗ ನಮ್ಮೂರ ಹೆಸರು ಬರತೈತೇನ್ರಿ?" ನಾನು "ನೋಡೋಣ" ಅಂದೆ. ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಅವರಿಗೆ ಸಿಕ್ಕಿದ್ದು "ಒಟ್ಟು 16 ತಂಡಗಳು ಆಡಿದವು" ಎಂಬ ಸಾಲಿನಲ್ಲಿ ಹದಿನಾರನೇ ಒಂದು ಪಾಲು.

ಫೈನಲ್ ಲಿಂಗಸುಗೂರು ಮತ್ತು ಸಿಂಧನೂರು ನಡುವೆ. ಒಂಬತ್ತು ಇಪ್ಪತ್ತಕ್ಕೆ ಶುರುವಾಯಿತು. ನಾನು ಸಿಂಧನೂರಿನವನು. ಹಾಗಾಗಿ ಆ ಕಡೆ ಕೂರದೆ ಸ್ಕೋರರ್ ಮೇಜಿನ ಪಕ್ಕ ನಿಂತೆ. ಆಟ ನಡೆಯುತ್ತಿರುವಾಗಲೇ ಮೊದಲ ಸಾಲನ್ನು ಎರಡು ಥರ ಬರೆದಿಟ್ಟುಕೊಂಡಿದ್ದೆ. ಸಿಂಧನೂರು ಗೆದ್ದರೆ ಒಂದು, ಲಿಂಗಸುಗೂರು ಗೆದ್ದರೆ ಒಂದು. ವಿರಾಮಕ್ಕೆ ಸಿಂಧನೂರು 17–12. ಆರು ನಿಮಿಷ ಉಳಿದಾಗ 25–20. ಲಿಂಗಸುಗೂರಿನ ಸಾಲಿಗೆ ಅಡ್ಡಗೆರೆ ಎಳೆಯೋಣ ಅಂದುಕೊಂಡೆ.

ಆಗ ಸಿಂಧನೂರು ಅಂಕಣದಲ್ಲಿ ಐದು ಜನ ಇದ್ದರು. ಲಿಂಗಸುಗೂರಿನ 4ನೇ ನಂಬರ್ ಹುಡುಗ ಒಳಗೆ ಬಂದ, ಮೂಲೆಯವನು ಕಾಲು ಹಿಡಿದ, ಇನ್ನಿಬ್ಬರು ಮೇಲೆ ಬಿದ್ದರು, ಅಷ್ಟೂ ಜನರನ್ನು ಎಳೆದುಕೊಂಡೇ ಅವನ ಕೈ ಮಧ್ಯದ ಗೆರೆ ಮುಟ್ಟಿತು. ಮೂರು ಅಂಕ, 23–25. ಉಳಿದವರು ಇಬ್ಬರು. ಒಬ್ಬ ರೈಡಿಗೆ ಹೋಗಿ ಸಿಕ್ಕಿಬಿದ್ದ, ಇನ್ನೊಬ್ಬನನ್ನು ಮುಂದಿನ ರೈಡಿನಲ್ಲಿ ಮುಟ್ಟಿದರು, ಅದರ ಮೇಲೆ ಲೋನಾದ ಎರಡು. 27–25. ಇಷ್ಟಕ್ಕೆ ಹಿಡಿದದ್ದು ಎರಡು ನಿಮಿಷ. ಇಡೀ ದಿನದ ಏಳುನೂರೈವತ್ತು ರೈಡಿನಲ್ಲಿ ಕಾಲಂಗೆ ಬೇಕಾದ ರೈಡು ಸಿಕ್ಕಿತು ಅಂತ ನನಗೆ ಅಲ್ಲೇ ಗೊತ್ತಾಯಿತು.

ಹತ್ತು ಹನ್ನೆರಡಕ್ಕೆ ಆಟ ಮುಗಿಯಿತು. ಲಿಂಗಸುಗೂರು ಗೆದ್ದದ್ದರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಬೋರ್ಡಿನ ಮೇಲೆ 31–29 ಅಂತಿತ್ತು, ಸ್ಕೋರರ್ ಹಾಳೆಯಲ್ಲಿ 31–28. ಗೆದ್ದವರು ಕುಣಿಯುತ್ತಿದ್ದರು, ಸೋತವರು ಬ್ಯಾಗ್ ತುಂಬುತ್ತಿದ್ದರು. ಆ ಒಂದು ಅಂಕ ನನಗೆ ಬಿಟ್ಟರೆ ಬೇರೆ ಯಾರಿಗೂ ಬೇಕಿರಲಿಲ್ಲ.

ಇಂಥಲ್ಲಿ ಮೊದಲು ಎರಡು ಅವಧಿಯನ್ನು ಕೂಡಿಸಿ ನೋಡಬೇಕು. ಲಿಂಗಸುಗೂರು 12ಕ್ಕೆ 19 ಸೇರಿ 31, ಎರಡೂ ಕಡೆ ಸರಿ. ಸಿಂಧನೂರು ಮೊದಲ ಅವಧಿ 17, ಅದರಲ್ಲೂ ತಂಟೆ ಇಲ್ಲ. ಹಾಗಾದರೆ ವ್ಯತ್ಯಾಸ ಇರುವುದು ಎರಡನೇ ಅವಧಿಯ 11ರಲ್ಲೋ 12ರಲ್ಲೋ. 25ರವರೆಗೆ ನನ್ನ ಪುಟ, ಬೋರ್ಡು, ಹಾಳೆ ಮೂರೂ ಒಂದೇ. ಆಮೇಲೆ ಸಿಂಧನೂರಿಗೆ ಬಂದ ಅಂಕ ನನ್ನ ಪುಟದಲ್ಲಿ ಮೂರು, ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ. ಸಿಂಧನೂರಿನ ರೈಡರ್ ಬೋನಸ್ ಗೆರೆ ದಾಟಿ ಕಾಲಿಟ್ಟು ಯಾರನ್ನೂ ಮುಟ್ಟದೆ ವಾಪಸ್ ಬಂದಿದ್ದ. ಜನ ಕೂಗಿದರು, ಬೋರ್ಡಿನ ಹುಡುಗ ಒಂದು ಅಂಕ ಏರಿಸಿದ. ಗೆರೆಯ ಸುಣ್ಣವಂತೂ ಸಂಜೆಗೇ ಅಳಿಸಿಹೋಗಿತ್ತು, ದಾಟಿದನೋ ಇಲ್ಲವೋ ಹೇಳುವುದೇ ಕಷ್ಟ. ಆದರೆ ಆ ರೈಡಿನ ಮೂಲೆಯಲ್ಲಿ ನಾನು 5 ಅಂತ ಬರೆದಿದ್ದೆ. ಬೋನಸ್ ಸಿಗಬೇಕಾದರೆ ಎದುರು ಅಂಕಣದಲ್ಲಿ ಕನಿಷ್ಠ ಆರು ಜನ ಇರಬೇಕು. ಐದೇ ಜನ ಇದ್ದಾಗ ಗೆರೆ ದಾಟಿದರೂ ಅಂಕ ಇಲ್ಲ. ರೆಫರಿ ಕೈ ಎತ್ತಿರಲೇ ಇಲ್ಲ. ಅವರನ್ನೇ ಹೋಗಿ ಕೇಳಿದೆ. "ಎಲ್ಲಿ ಬೋನಸ್ಸೋ ಮಾರಾಯಾ, ಐದ ಮಂದಿ ಇದ್ರು" ಅಂದರು. 31–28 ಅಂತ ಖಚಿತವಾಯಿತು.

ಹತ್ತು ಇಪ್ಪತ್ತಕ್ಕೆ ಫೋನು. ಫೋನಿನಲ್ಲಿ ಅಂಕ ಹೇಳುವಾಗ ನಾನು "ಇಪ್ಪತ್ತೆಂಟು" ಅನ್ನುತ್ತಿರಲಿಲ್ಲ. ಹಿಂದೆ ಪಟಾಕಿ ಹೊಡೆಯುತ್ತಿರುತ್ತಾರೆ, ಇಪ್ಪತ್ತೆಂಟು ಇಪ್ಪತ್ತೊಂದಾಗಿ ಕೇಳಿಸುತ್ತದೆ. "ಮೂರು ಒಂದು, ಎರಡು ಎಂಟು" ಅಂತ ಬಿಡಿಸಿ ಹೇಳಿ, ಅವರಿಂದ ವಾಪಸ್ ಹೇಳಿಸಿಕೊಳ್ಳುತ್ತಿದ್ದೆ.

ಮಾರನೇ ದಿನ ಪೇಪರಿನಲ್ಲಿ ಬಂದದ್ದು ಇದು. ಆಟಗಾರರ ಹೆಸರಿದ್ದ ಕಡೆ ಇಲ್ಲಿ ಜೆರ್ಸಿ ನಂಬರ್ ಮಾತ್ರ ಇಟ್ಟಿದ್ದೇನೆ.

ಲಿಂಗಸುಗೂರಿಗೆ ಕಬಡ್ಡಿ ಪ್ರಶಸ್ತಿ

ಮಸ್ಕಿ: ಕೊನೆಯ ಆರು ನಿಮಿಷಗಳಲ್ಲಿ 11 ಅಂಕ ಗಳಿಸಿದ ಲಿಂಗಸುಗೂರು ತಂಡ, ಭಾನುವಾರ ಇಲ್ಲಿ ನಡೆದ ಪುರುಷರ ಕಬಡ್ಡಿ ಟೂರ್ನಿಯ ಫೈನಲ್‌ನಲ್ಲಿ ಸಿಂಧನೂರು ತಂಡವನ್ನು 31–28ರಿಂದ ಮಣಿಸಿತು.

ವಿರಾಮಕ್ಕೆ 17–12ರಿಂದ ಮುಂದಿದ್ದ ಸಿಂಧನೂರು, ಆರು ನಿಮಿಷ ಬಾಕಿಯಿದ್ದಾಗ 25–20ರ ಮುನ್ನಡೆಯಲ್ಲಿತ್ತು. ಆಗ ಲಿಂಗಸುಗೂರಿನ (4) ಒಂದೇ ರೈಡಿನಲ್ಲಿ ಮೂವರನ್ನು ಔಟ್ ಮಾಡಿದರು. ಎರಡು ನಿಮಿಷದಲ್ಲಿ ಸಿಂಧನೂರು ಲೋನಾ ಬಿಟ್ಟುಕೊಟ್ಟಿತು.

ಸೆಮಿಫೈನಲ್‌ನಲ್ಲಿ ಲಿಂಗಸುಗೂರು 24–23ರಿಂದ ಆತಿಥೇಯ ಮಸ್ಕಿಯನ್ನು, ಸಿಂಧನೂರು 33–19ರಿಂದ ಮಾನ್ವಿಯನ್ನು ಸೋಲಿಸಿದ್ದವು. ಮಸ್ಕಿ ವಿರುದ್ಧದ ಕೊನೆಯ ರೈಡಿನಲ್ಲಿ (9) ಗೆಲುವಿನ ಅಂಕ ತಂದರು. ಒಟ್ಟು 16 ತಂಡಗಳು ಆಡಿದವು.

ಕ್ವಾರ್ಟರ್‌ಫೈನಲ್: ಲಿಂಗಸುಗೂರು 29, ಹಟ್ಟಿ 21, ಮಸ್ಕಿ 26, ಮುದಗಲ್ 22, ಸಿಂಧನೂರು 35, ತುರುವಿಹಾಳ 16, ಮಾನ್ವಿ 27, ಕವಿತಾಳ 25.

ಮೊದಲ ವರ್ಷವಾಗಿದ್ದರೆ ನಾನು ಇದನ್ನು ಬೆಳಿಗ್ಗೆಯಿಂದ ಶುರು ಮಾಡುತ್ತಿದ್ದೆ. "ಪಟ್ಟಣದ ಮೈದಾನದಲ್ಲಿ ಆಯೋಜಿಸಿದ್ದ ಒಂದು ದಿನದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗೆ ಭಾನುವಾರ ಬೆಳಿಗ್ಗೆ ಅದ್ಧೂರಿ ಚಾಲನೆ ದೊರೆಯಿತು" ಅಂತ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಹದಿನಾಲ್ಕು ಪದ ಖರ್ಚಾದ ಮೇಲೂ ಯಾರು ಗೆದ್ದರು ಅಂತ ಗೊತ್ತಾಗುವುದಿಲ್ಲ. ದಿನ ನಡೆದ ಕ್ರಮದಲ್ಲೇ ಬರೆದರೆ ಜಾಗ ಮುಗಿಯುವುದು ಕ್ವಾರ್ಟರ್‌ಫೈನಲ್ಲಿನಲ್ಲಿ, ಫೈನಲ್ ಒಂದು ಸಾಲಿಗೆ ಇಳಿಯುತ್ತದೆ. ಓದುವವನಿಗೆ ಬೇಕಾದ ಕ್ರಮ ಅದರ ತಿರುಗಾಮುರುಗಾ. ರೋಚಕ, ಜಿದ್ದಾಜಿದ್ದಿ, ಪ್ರೇಕ್ಷಕರನ್ನು ತುದಿಗಾಲಲ್ಲಿ ನಿಲ್ಲಿಸಿದ, ಇವನ್ನೆಲ್ಲ ತೆಗೆದದ್ದೂ ಜಾಗಕ್ಕಾಗಿಯೇ. 25–20 ಇದ್ದದ್ದು 31–28 ಆಯಿತು ಅಂದ ಮೇಲೆ ರೋಚಕ ಅಂತ ಬೇರೆ ಹೇಳಬೇಕಿಲ್ಲ.

ಸೋಮವಾರ ಬೆಳಿಗ್ಗೆ ಆ ಡಬ್ಬಿ ನೋಡಿ ನನಗೆ ಖುಷಿಯೇ ಆಗಿತ್ತು. ಜಾಹೀರಾತು ಬಂದಿರಲಿಲ್ಲ, ಕೊನೆಯ ಸಾಲೂ ಉಳಿದಿತ್ತು. ಹನ್ನೊಂದು ಗಂಟೆಗೆ ಒಂದು ಫೋನ್ ಬಂತು.

"ಸರ, ನಾ ಲಿಂಗಸುಗೂರು ಟೀಮಿನ ಹುಡುಗ್ರಿ. ಪೇಪರಿನಾಗ ನನ್ನ ಹೆಸರು ಬಂದೈತ್ರಿ."

"ಚಲೋ ಆತಲ್ಲೋ. ಏನ್ ಈಗ?"

"ನಾ ಆ ಮ್ಯಾಚ್ ಆಡೇ ಇಲ್ರಿ ಸರ."

ನನಗೆ ತಿಳಿಯಲಿಲ್ಲ. ಅವನೇ ಬಿಡಿಸಿ ಹೇಳಿದ. 9ನೇ ನಂಬರ್ ಅವನದು. ಅವನು ಬದಲಿ ಆಟಗಾರ, ಸೆಮಿಫೈನಲ್ಲಿನಲ್ಲಿ ಪೂರ್ತಿ ಹೊರಗೇ ಕೂತಿದ್ದ. ಇನ್ನೊಬ್ಬ ಹುಡುಗನ ಜೆರ್ಸಿ ಕ್ವಾರ್ಟರ್‌ಫೈನಲ್ಲಿನಲ್ಲಿ ಹಿಡಿದೆಳೆದಾಗ ಕಂಕುಳಿಂದ ಸೊಂಟದವರೆಗೆ ಹರಿದಿತ್ತು. ತಂಡಕ್ಕೆ ಹೆಚ್ಚಿನ ಜೆರ್ಸಿ ಎಲ್ಲಿಂದ ಬರಬೇಕು? ಹೊರಗೆ ಕೂತಿದ್ದ ಇವನ 9ನ್ನು ಕಳಚಿ ಅವನಿಗೆ ಹಾಕಿದ್ದರು. ಮಸ್ಕಿ ವಿರುದ್ಧ 23–23 ಇದ್ದಾಗ ಕೊನೇ ರೈಡಿಗೆ ಹೋಗಿ ಒಬ್ಬನನ್ನು ಮುಟ್ಟಿ ಬಂದವನು ಆ ಹುಡುಗ. ನಾನು ದೂರದಿಂದ ನಂಬರ್ ನೋಡಿದೆ, ಬೆಳಿಗ್ಗೆ ತಂಡ ಕೊಟ್ಟ ಪಟ್ಟಿಯಲ್ಲಿ 9ರ ಮುಂದೆ ಇದ್ದ ಹೆಸರು ಬರೆದುಕೊಂಡೆ. ಸೆಮಿಫೈನಲ್ ಪ್ಯಾರಾವನ್ನು ನೆಟ್ ಸೆಂಟರ್ ಮುಚ್ಚುವ ಮೊದಲು ಕಳಿಸುವ ಅವಸರ ಬೇರೆ. ಫೈನಲ್ಲಿನ ಒಂದು ಬೋನಸ್ಸಿಗೆ ಮೂರು ಸಾಕ್ಷಿ ಹುಡುಕಿದವನು ಸೆಮಿಫೈನಲ್ಲಿನ ಹೆಸರಿಗೆ ಒಬ್ಬರನ್ನೂ ಕೇಳಿರಲಿಲ್ಲ.

"ಊರಾಗ ಎಲ್ಲಾರೂ ನಗಾಕತ್ಯಾರ್ರಿ. ಕುಂತಲ್ಲೇ ಪಾಯಿಂಟ್ ತಂದ ಅಂತ. ನನ್ನದ್ ಬಿಡ್ರಿ, ಅವ ಅವ್ವಗ ಹೇಳಿದ್ನಂತ್ರಿ, ನಾಳೆ ಪೇಪರಿನಾಗ ಬರತೈತಿ ಅಂತ. ಮುಂಜಾನೆ ಬಸ್ ಸ್ಟ್ಯಾಂಡಿಗೆ ಹೋಗಿ ಎರಡು ಪೇಪರ್ ತಂದಾನ."

ಮಸ್ಕಿಯಲ್ಲಿ ಒಂದು ಬಂಡೆ ಇದೆ, ನೀವು ಶಾಲೆಯಲ್ಲಿ ಓದಿರುತ್ತೀರಿ. 1837ರ ಸುಮಾರಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೆ ದೇಶದ ತುಂಬ ಸಿಕ್ಕ ಶಾಸನಗಳಲ್ಲಿ ರಾಜನ ಬಿರುದು ಇತ್ತು, ದೇವಾನಂಪಿಯ, ಪಿಯದಸಿ ಅಂತ. ಆ ಬಿರುದಿನ ರಾಜ ಅಶೋಕನೇ ಇರಬೇಕು ಅಂತ ವಿದ್ವಾಂಸರು ಬೇರೆ ಗ್ರಂಥಗಳಿಂದ ಹೊಂದಿಸಿಕೊಂಡಿದ್ದರು. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬಂಡೆ ನೋಡಿದ, ಅದರಲ್ಲಿ ಬಿರುದಿನ ಜೊತೆ ಅಶೋಕ ಎಂಬ ಹೆಸರೇ ಇತ್ತು. ಮಸ್ಕಿಯ ಪ್ರತಿ ಕಾರ್ಯಕ್ರಮದ ಭಾಷಣದಲ್ಲಿ ಇದು ಬರುತ್ತದೆ. ಅವತ್ತಿನ ಉದ್ಘಾಟನೆಯಲ್ಲೂ ಬಂದಿತ್ತು. ಬೆಳಿಗ್ಗೆ ಅದನ್ನು ಕೇಳಿ ಆಕಳಿಸಿದವನೇ ನಾನು. ಬೆನ್ನ ಮೇಲಿನ ನಂಬರ್ ಅನ್ನುವುದೂ ಒಂದು ಬಿರುದು ಅಷ್ಟೇ, ಅದನ್ನೇ ಹೆಸರು ಅಂದುಕೊಂಡು ಫೈನಲ್ ನೋಡಲು ಓಡಿದ್ದೆ.

ಡೆಸ್ಕಿಗೆ ಫೋನ್ ಮಾಡಿ ತಿದ್ದುಪಡಿ ಹಾಕಬೇಕು ಅಂದೆ. ಕಬಡ್ಡಿಗೆ ಎಂಥ ತಿದ್ದುಪಡಿಯೋ ಅಂದರು. ಎರಡು ಸಲ ಕೇಳಿದ ಮೇಲೆ ಒಪ್ಪಿದರು. ಬುಧವಾರ ಕ್ರೀಡಾ ಪುಟದ ತಳದಲ್ಲಿ ಮೂರು ಸಾಲು ಬಂತು: ಸೋಮವಾರದ ವರದಿಯಲ್ಲಿ ಮಸ್ಕಿ ವಿರುದ್ಧ ಗೆಲುವಿನ ಅಂಕ ತಂದವರು ಇಂಥವರು ಎಂದು ಓದಿಕೊಳ್ಳಬೇಕು.

ಆ ವಾರ ಲಿಂಗಸುಗೂರಿಗೆ ಹೋದಾಗ ಆ ಹುಡುಗನನ್ನು ಹುಡುಕಿಕೊಂಡು ಹೋದೆ. ಎರಡೂ ಪೇಪರ್ ತೋರಿಸಿದೆ. ಸಿಟ್ಟೇನೂ ಮಾಡಲಿಲ್ಲ. ಬುಧವಾರದ್ದನ್ನು ಓದಿ ಹೇಳಿದ, "ಇದರಾಗ ನನ್ನ ಹೆಸರೈತ್ರಿ, ಮ್ಯಾಚ್ ಇಲ್ಲ. ಅದರಾಗ ಮ್ಯಾಚೈತಿ, ನನ್ನ ಹೆಸರಿಲ್ಲ." ನನಗೆ ಉತ್ತರ ಇರಲಿಲ್ಲ. ಎರಡನ್ನೂ ಒಂದೇ ಹಾಳೆಗೆ ಅಂಟಿಸ್ತೀನಿ ಅಂತ ಅವನೇ ಅಂದ. ಅಂಟಿಸಿದನೋ ಇಲ್ಲವೋ, ಸೋಮವಾರದ ಕಟಿಂಗಿನ ಇನ್ನೊಂದು ಪ್ರತಿ ನನ್ನ ಹತ್ತಿರ ಉಳಿಯಿತು.

ಆಮೇಲಿನ ಎರಡು ವರ್ಷ ಪುಟಕ್ಕೆ ಒಂದು ಸಾಲು ಹೆಚ್ಚಾಯಿತು. ಪ್ರತಿ ಮ್ಯಾಚು ಮುಗಿದ ಕೂಡಲೇ ಗೆದ್ದ ತಂಡದ ಕ್ಯಾಪ್ಟನ್ ಹತ್ತಿರ ಹೋಗಿ, "ಕೊನೇ ರೈಡ್ ಹೋದಾವ ಯಾವನಪ್ಪ, ಕರಿ ಇಲ್ಲೆ" ಅನ್ನುತ್ತಿದ್ದೆ. ಹುಡುಗ ಬಂದು ನಿಂತ ಮೇಲೆ ಹೆಸರು, ಇನಿಶಿಯಲ್, ಊರು ಅವನ ಬಾಯಿಂದಲೇ ಕೇಳಿ, ಬರೆದದ್ದನ್ನು ಅವನಿಗೇ ತೋರಿಸುತ್ತಿದ್ದೆ. ಒಂದು ಮ್ಯಾಚಿಗೆ ಅರ್ಧ ನಿಮಿಷ, ಒಂದು ರೈಡಿನಷ್ಟು ಹೊತ್ತು. ಅವರ ಕೈ ಮಣ್ಣಾಗಿರುತ್ತಿತ್ತು, ತಿದ್ದಲು ಪೆನ್ನು ತಗೊಂಡರೆ ಪುಟದ ಮೂಲೆಯಲ್ಲಿ ಬೆರಳಿನ ಗುರುತು ಉಳಿಯುತ್ತಿತ್ತು.